ತೀರಿಸಲಾಗದ ಸಾಲ: ಮಿತಾಕ್ಷರದ ಒತ್ತೆ, ಹೊಣೆ ಮತ್ತು ಸಾಲಗಾರನ ಪಾಡು

2025ರಲ್ಲಿ ಸಾಲಗಾರರಿಗೆ ಸಂಬಂಧಿಸಿದ ಎರಡು ಕಾನೂನು ಕ್ರಮಗಳು ಕೆಲವೇ ತಿಂಗಳ ಅಂತರದಲ್ಲಿ ಬಂದವು. ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಮೈಕ್ರೋಫೈನಾನ್ಸ್ ಹಾಗೂ ಸಣ್ಣ ಸಾಲಗಳ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಿ, ಕಿರುಕುಳ ಕೊಟ್ಟವರಿಗೆ 10 ವರ್ಷಗಳವರೆಗೆ ಸೆರೆವಾಸ ಮತ್ತು 5 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿತು. ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಚಿನ್ನ ಮತ್ತು ಬೆಳ್ಳಿಯ ಅಡವಿನ ಮೇಲಿನ ಸಾಲಗಳಿಗೆ ಹೊಸ ನಿಯಮಗಳನ್ನು ಪ್ರಕಟಿಸಿತು. ಸಾಲ ಪೂರ್ತಿ ತೀರಿದ ದಿನವೇ, ತಡವಾದರೂ ಏಳು ಕೆಲಸದ ದಿನಗಳೊಳಗೆ, ಒಡವೆಯನ್ನು ಹಿಂದಿರುಗಿಸಬೇಕು. ಸಾಲ ಕೊಟ್ಟವರ ತಪ್ಪಿನಿಂದ ಅದಕ್ಕೂ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬುದು ಅವುಗಳಲ್ಲೊಂದು. ಅಡವಿಟ್ಟ ವಸ್ತುವಿನ ಮೇಲೆ ಸಾಲ ಕೊಟ್ಟವನ ಹಕ್ಕು ಎಲ್ಲಿಯವರೆಗೆ, ಸಾಲಗಾರನ ದೇಹದ ಮೇಲೆ ಅವನ ಹಕ್ಕು ಎಲ್ಲಿಯವರೆಗೆ ಎಂಬ ಎರಡು ಪ್ರಶ್ನೆಗಳು ಈ ಕ್ರಮಗಳ ಹಿಂದಿವೆ. ಇವೇ ಪ್ರಶ್ನೆಗಳನ್ನು ಸುಮಾರು ಒಂಬತ್ತು ಶತಮಾನಗಳ ಹಿಂದೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನು ಶ್ಲೋಕಶ್ಲೋಕವಾಗಿ ಬಿಡಿಸಿ ನೋಡಿದ್ದನು.

ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ಮಿತಾಕ್ಷರ ವ್ಯಾಖ್ಯಾನವನ್ನು ನಾವು ಹೆಚ್ಚಾಗಿ ಆಸ್ತಿಪಾಲಿನ ಗ್ರಂಥವೆಂದೇ ತಿಳಿದಿದ್ದೇವೆ. 1810ರಲ್ಲಿ ಕೋಲ್‌ಬ್ರೂಕ್ ಇಂಗ್ಲಿಷಿಗೆ ತಂದದ್ದು ಅದರ ದಾಯವಿಭಾಗವನ್ನು. ಬ್ರಿಟಿಷ್ ನ್ಯಾಯಾಲಯಗಳಲ್ಲಿ ಮಿತಾಕ್ಷರದ ಹೆಸರು ಬೇರೂರಿದ್ದು ಆ ಭಾಗದ ಬಲದಿಂದ. ಆದರೆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ವ್ಯಾಜ್ಯದ ವಿಷಯಗಳ ಸಾಲಿನಲ್ಲಿ ಮೊದಲು ಬರುವುದು ಋಣಾದಾನ, ಅಂದರೆ ಸಾಲದ ವಸೂಲಿ. ಹಣ ಕೊಟ್ಟವನು ಅದನ್ನು ಮರಳಿ ಪಡೆಯುವ ಪ್ರತಿಯೊಂದು ದಾರಿಗೂ ಒಂದು ಗಡಿ ಹಾಕಲು ಈ ಪ್ರಕರಣ ಯತ್ನಿಸುತ್ತದೆ. ಕೊಡಲು ಏನೂ ಉಳಿಯದವನ ವಿಷಯಕ್ಕೆ ಬಂದಾಗ ಆ ಗಡಿಗಳು ಎಲ್ಲಿ ನಿಲ್ಲುತ್ತವೆ, ಎಲ್ಲಿ ಕುಸಿಯುತ್ತವೆ ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ಒಂದು ಕಲ್ಪಿತ ಸಾಲವನ್ನೇ ಹಿಡಿದು ಹೊರಡೋಣ. ಒಬ್ಬ ನೇಕಾರನು ಒಡವೆಯೊಂದನ್ನು ಅಡವಿಟ್ಟು 80 ಹೊನ್ನು ಸಾಲ ಪಡೆದನೆಂದುಕೊಳ್ಳಿ. ಅಡವು ಇರುವ ಸಾಲಕ್ಕೆ ಯಾಜ್ಞವಲ್ಕ್ಯನು ಗೊತ್ತುಪಡಿಸಿದ ಬಡ್ಡಿ ತಿಂಗಳಿಗೆ ಅಸಲಿನ ಎಂಬತ್ತರಲ್ಲಿ ಒಂದು ಭಾಗ. ಆದ್ದರಿಂದ ತಿಂಗಳಿಗೆ 1 ಹೊನ್ನು, ಇಂದಿನ ಲೆಕ್ಕದಲ್ಲಿ ವರ್ಷಕ್ಕೆ ಶೇಕಡಾ 15. ಅಡವಿಲ್ಲದ ಸಾಲದ ಬಡ್ಡಿ ಸಾಲಗಾರನ ವರ್ಣವನ್ನು ನೋಡಿ ಏರುತ್ತದೆ: ಬ್ರಾಹ್ಮಣನಿಗೆ ತಿಂಗಳಿಗೆ ನೂರಕ್ಕೆ 2, ಕ್ಷತ್ರಿಯನಿಗೆ 3, ವೈಶ್ಯನಿಗೆ 4, ಶೂದ್ರನಿಗೆ 5. ಕಾಡುದಾರಿಯಲ್ಲಿ ವ್ಯಾಪಾರಕ್ಕೆ ಹೋಗುವವರು 10, ಕಡಲ ವ್ಯಾಪಾರಿಗಳು 20 ಕೊಡಬೇಕೆಂದು ಮುಂದಿನ ಶ್ಲೋಕ ಹೇಳುತ್ತದೆ. ಕಾಡು ಮತ್ತು ಕಡಲಿನ ದರ ಏರುವುದಕ್ಕೆ ಅಸಲೇ ಮುಳುಗಿಹೋಗುವ ಅಪಾಯ ಕಾರಣವೆಂದು ಒಪ್ಪಬಹುದು. ವರ್ಣದ ಏಣಿಗೆ ಅಂಥ ಯಾವ ಸಮರ್ಥನೆಯೂ ಇಲ್ಲ. ಅದೇ ಹಣ, ಅದೇ ಅವಧಿ, ಅದೇ ಅಪಾಯ ಇದ್ದರೂ ಶೂದ್ರನು ಬ್ರಾಹ್ಮಣನ ಎರಡೂವರೆ ಪಟ್ಟು ಬಡ್ಡಿ ತೆರಬೇಕಾಗಿತ್ತು.

ಬಡ್ಡಿಗೆ ಒಂದು ಮೇಲ್ಮಿತಿ ಇತ್ತು. ಚಿನ್ನ ಅಥವಾ ನಾಣ್ಯದ ಸಾಲ ಎರಡರಷ್ಟಾದ ಮೇಲೆ ಬೆಳೆಯಬಾರದು. ಧಾನ್ಯವಾದರೆ ಮೂರರಷ್ಟು, ಬಟ್ಟೆಯಾದರೆ ನಾಲ್ಕರಷ್ಟು, ಎಣ್ಣೆ ತುಪ್ಪದಂಥ ದ್ರವಗಳಾದರೆ ಎಂಟರಷ್ಟು. ನಮ್ಮ ನೇಕಾರನ 80 ಹೊನ್ನಿನ ಸಾಲ ಅಡವಿನ ದರದಲ್ಲಿ 80 ತಿಂಗಳಿಗೆ, ಅಂದರೆ ಆರು ವರ್ಷ ಎಂಟು ತಿಂಗಳಿಗೆ, 160 ಹೊನ್ನಾಗಿ ನಿಲ್ಲುತ್ತದೆ. ಅಡವಿಲ್ಲದೆ ನೂರಕ್ಕೆ 5ರ ದರದಲ್ಲಿ ಪಡೆದಿದ್ದರೆ ತಿಂಗಳಿಗೆ 4 ಹೊನ್ನಿನಂತೆ ಕೇವಲ 20 ತಿಂಗಳಲ್ಲಿ ಅದೇ 160ಕ್ಕೆ ತಲುಪುತ್ತದೆ. ಮೇಲ್ಮಿತಿ ಇಬ್ಬರಿಗೂ ಒಂದೇ, ಅದನ್ನು ಮುಟ್ಟುವ ವೇಗ ಮಾತ್ರ ಬೇರೆ.

ಎರಡರಷ್ಟಾದ ದಿನ ಅಡವಿನ ಗತಿ ಏನು? ಆ ಹೊತ್ತಿಗೂ ಬಿಡಿಸಿಕೊಳ್ಳದಿದ್ದರೆ ಅಡವು ಕೈತಪ್ಪುತ್ತದೆ ಎಂದು ಸ್ಮೃತಿ ನೇರವಾಗಿ ಹೇಳುತ್ತದೆ. ಇಲ್ಲಿ ವಿಜ್ಞಾನೇಶ್ವರನು ತಾನೇ ಒಂದು ಆಕ್ಷೇಪ ಎತ್ತುತ್ತಾನೆ. ಮಾಲೀಕನು ವಸ್ತುವನ್ನು ಮಾರಿಲ್ಲ, ದಾನ ಕೊಟ್ಟಿಲ್ಲ. ಹಾಗಿರುವಾಗ ಅವನ ಒಡೆತನ ಅಳಿದು ಇನ್ನೊಬ್ಬನ ಒಡೆತನ ಹುಟ್ಟುವುದು ಹೇಗೆ? ಅಡವಿಡುವುದೇ ಷರತ್ತಿನ ಮೇಲೆ ಒಡೆತನವನ್ನು ಬಿಡುವ ಕ್ರಿಯೆ, ಅಡವನ್ನು ಒಪ್ಪಿಕೊಳ್ಳುವುದು ಷರತ್ತಿನ ಮೇಲೆ ಅದನ್ನು ಪಡೆಯುವ ಕ್ರಿಯೆ ಎಂಬುದು ಲೋಕದಲ್ಲೇ ಪ್ರಸಿದ್ಧವಾಗಿದೆ ಎಂಬುದು ಅವನ ಉತ್ತರ. ಒಡೆತನವು ಶಾಸ್ತ್ರದ ಅಪ್ಪಣೆಯಿಂದಲ್ಲ, ಲೋಕವ್ಯವಹಾರದಿಂದ ಹುಟ್ಟುತ್ತದೆ ಎಂಬ ಅವನ ದಾಯವಿಭಾಗದ ನಿಲುವು ಇಲ್ಲಿಯೂ ಕೆಲಸ ಮಾಡಿದೆ. ಆದರೆ ಅವನು ಅಷ್ಟಕ್ಕೆ ಬಿಡದೆ ಇನ್ನೊಬ್ಬ ಸ್ಮೃತಿಕಾರ ಬೃಹಸ್ಪತಿಯ ವಚನವನ್ನು ತಂದು ಜೋಡಿಸುತ್ತಾನೆ: ಸಾಲ ಎರಡರಷ್ಟಾದ ಮೇಲೆ, ಅಥವಾ ಒಪ್ಪಿದ ಗಡುವು ಮುಗಿದ ಮೇಲೆ, ಸಾಲ ಕೊಟ್ಟವನು ಎರಡು ವಾರ ಕಾಯಬೇಕು, ಆ ಹದಿನಾಲ್ಕು ದಿನಗಳೊಳಗೆ ಹಣ ತಂದರೆ ಒಡವೆ ಸಾಲಗಾರನದೇ.

ಅಡವಿನ ಬೆಲೆಗೂ ಸಾಲದ ಮೊತ್ತಕ್ಕೂ ಬಹಳ ಅಂತರವಿದ್ದರೆ ಈ ನಿಯಮ ಅನ್ಯಾಯವಾಗುತ್ತದೆ. ನೇಕಾರನ ಒಡವೆ 400 ಹೊನ್ನು ಬಾಳುವಂತಿದ್ದರೆ 160 ಹೊನ್ನಿಗೆ ಅದು ಹೋಗಿಬಿಡಬೇಕೇ? ಇದಕ್ಕೆ ಉತ್ತರ ಚರಿತ್ರಬಂಧಕ ಎಂಬ ವಿಧಿಯಲ್ಲಿದೆ. ಪರಸ್ಪರರ ಒಳ್ಳೆಯ ನಡತೆಯ ಮೇಲಿನ ನಂಬಿಕೆಯಿಂದ ಹೆಚ್ಚಿನ ಬೆಲೆಯ ವಸ್ತುವನ್ನಿಟ್ಟು ಕಡಿಮೆ ಹಣ ಪಡೆದಿದ್ದರೆ, ಅಥವಾ ಕಡಿಮೆ ಬೆಲೆಯದನ್ನಿಟ್ಟು ಹೆಚ್ಚು ಹಣ ಪಡೆದಿದ್ದರೆ, ಸಾಲ ಎರಡರಷ್ಟಾದರೂ ಅಡವು ಕಳೆದುಹೋಗುವುದಿಲ್ಲ. ಬಡ್ಡಿ ಸಹಿತ ಹಣವನ್ನಷ್ಟೇ ಕೊಡಿಸಬೇಕು ಎಂದು ವಿಜ್ಞಾನೇಶ್ವರನು ಅರ್ಥ ಮಾಡುತ್ತಾನೆ. ಹಾಗೆಯೇ, ಸಾಲ ಎರಡರಷ್ಟಾದರೂ ಅಡವು ಹೋಗಬಾರದು, ಹಣವನ್ನೇ ಕೊಡಬೇಕು ಎಂದು ಮೊದಲೇ ಮಾತಾಗಿದ್ದು ಸಾಲಗಾರನು ಊರಲ್ಲಿಲ್ಲದಿದ್ದರೆ, ಸಾಲ ಕೊಟ್ಟವನು ಸಾಕ್ಷಿಗಳ ಎದುರು ಅಡವನ್ನು ಮಾರಿ ತನ್ನ ಹಣ ತೆಗೆದುಕೊಳ್ಳಬಹುದು. ಗುಟ್ಟಿನ ಮಾರಾಟಕ್ಕೆ ಅವಕಾಶವಿರಲಿಲ್ಲ. 1872ರ ಕರಾರು ಕಾಯಿದೆಯ 176ನೇ ಕಲಮು ಅಡವು ಮಾರುವ ಮುನ್ನ ಸಾಲಗಾರನಿಗೆ ಸೂಕ್ತ ನೋಟಿಸು ಕೊಡಬೇಕೆನ್ನುವುದೂ, ಹರಾಜಿನ ಮೀಸಲು ಬೆಲೆ ಚಿನ್ನದ ಅಂದಿನ ಬೆಲೆಯ ಶೇಕಡಾ 90ಕ್ಕಿಂತ ಕೆಳಗಿರಬಾರದೆಂದು ರಿಸರ್ವ್ ಬ್ಯಾಂಕ್ ಹೇಳುವುದೂ ಇದೇ ಆತಂಕದಿಂದ.

ಅಡವು ಹಿಡಿದವನ ಮೇಲಿದ್ದ ಕರ್ತವ್ಯಗಳನ್ನು ನೋಡಿದರೆ ಈ ಪ್ರಕರಣದ ಸೂಕ್ಷ್ಮತೆ ತಿಳಿಯುತ್ತದೆ. ಕಾಪಾಡಲು ಕೊಟ್ಟ ಒಡವೆಯನ್ನು ಅವನು ತೊಟ್ಟು ಬಳಸಿದರೆ ಬಡ್ಡಿಯ ಹಕ್ಕನ್ನು ಕಳೆದುಕೊಳ್ಳುತ್ತಾನೆ. ವಸ್ತು ಹಾಳಾದರೆ ಅಥವಾ ಕಳೆದುಹೋದರೆ ಅವನೇ ತುಂಬಿಕೊಡಬೇಕು. ದೈವದಿಂದ ಅಥವಾ ರಾಜನಿಂದ ಆದ ನಷ್ಟ ಮಾತ್ರ ಇದಕ್ಕೆ ಹೊರತು. ಸಾಲಗಾರನು ಹಣ ಹಿಡಿದು ಬಂದು ನಿಂತಾಗ ಅಡವನ್ನು ಬಿಡದಿದ್ದರೆ ಅವನು ಕಳ್ಳನೆನಿಸುತ್ತಾನೆ, ಕಳ್ಳನಿಗೆ ಆಗುವ ದಂಡವೇ ಅವನಿಗೂ ಆಗಬೇಕು. ಅವನು ಊರಲ್ಲಿಲ್ಲದಿದ್ದರೆ ಹಣವನ್ನು ಅವನ ಮನೆಯವರ ಬಳಿ ಇಟ್ಟು ಅಡವನ್ನು ಬಿಡಿಸಿಕೊಳ್ಳಬಹುದು. ಬಡ್ಡಿ ಬೆಳೆಯಲೆಂದು ಬೇಕೆಂದೇ ಹಣ ತೆಗೆದುಕೊಳ್ಳದೆ ಸತಾಯಿಸಿದರೆ, ಸಾಲಗಾರನು ಹಣವನ್ನು ಮೂರನೆಯವನೊಬ್ಬನ ಬಳಿ ಇಟ್ಟ ದಿನದಿಂದ ಬಡ್ಡಿ ನಿಲ್ಲುತ್ತದೆ. ಸಾಲ ಕೊಟ್ಟವನು ಮಾಡಬಹುದಾದ ಮೋಸಗಳನ್ನು ಹತ್ತಿರದಿಂದ ಕಂಡವರು ಮಾತ್ರ ಹೀಗೆ ನಿಯಮ ಬರೆಯಬಲ್ಲರು.

ಇದಕ್ಕಿಂತ ಬೇರೆಯಾದ ಇನ್ನೊಂದು ಅಡವು ಇತ್ತು. ಹೊಲ, ತೋಟ ಅಥವಾ ಮನೆಯನ್ನು ಬಿಟ್ಟುಕೊಟ್ಟು, ಅದರ ಫಲವನ್ನು ಬಡ್ಡಿಯ ಬದಲಿಗೆ ಅನುಭವಿಸಲು ಒಪ್ಪುವ ಭೋಗ್ಯದ ಅಡವು ಅದು. ಇಂಥ ಅಡವು ಎಷ್ಟು ಕಾಲವಾದರೂ ಕಳೆದುಹೋಗುವುದಿಲ್ಲ. ಅಸಲನ್ನು ಹಿಂದಿರುಗಿಸಿದ ದಿನ ಆಸ್ತಿ ಮರಳಬೇಕು. ಬೆಂಗಳೂರಿನಲ್ಲಿ ಇಂದಿಗೂ ಲಕ್ಷಗಟ್ಟಲೆ ಹಣವನ್ನು ಒಟ್ಟಿಗೆ ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಮನೆಯಲ್ಲಿದ್ದು, ಬಿಡುವಾಗ ಅಷ್ಟೇ ಹಣವನ್ನು ಹಿಂದೆ ಪಡೆಯುವ ಭೋಗ್ಯದ ಪದ್ಧತಿ ಇದೇ ಜಾಡಿನದು. ಒಂದೇ ಆಸ್ತಿಯನ್ನು ಇಬ್ಬರಿಗೆ ಭೋಗ್ಯಕ್ಕೆ ಕೊಡುವ, ಬ್ಯಾಂಕಿಗೆ ಅಡಮಾನವಾಗಿರುವ ಮನೆಯನ್ನು ಮುಚ್ಚಿಟ್ಟು ಭೋಗ್ಯಕ್ಕೆ ಬಿಡುವ ಮೋಸವೂ ಅದರ ಜೊತೆಯಲ್ಲೇ ಉಳಿದಿದೆ. ಬೇರೆ ವ್ಯಾಜ್ಯಗಳಲ್ಲಿ ನಂತರದ ಕ್ರಿಯೆಗೆ ಬಲ ಹೆಚ್ಚಾದರೂ ಅಡವು, ದಾನ, ಕ್ರಯ ಈ ಮೂರರಲ್ಲಿ ಮೊದಲಿನದಕ್ಕೇ ಬಲ ಎಂದು ಯಾಜ್ಞವಲ್ಕ್ಯನು ಹೇಳಿದ್ದು ಇಂಥ ಸಂದರ್ಭಕ್ಕಾಗಿಯೇ.

ಅಡವಿಡಲು ಏನೂ ಇಲ್ಲದವನಿಗೆ ಉಳಿಯುವುದು ಮನುಷ್ಯರ ಹೊಣೆ. ಹೊಣೆಗಾರರಲ್ಲಿ ಮೂರು ಬಗೆ. ‘ಕರೆದಾಗ ಇವನನ್ನು ತಂದು ನಿಲ್ಲಿಸುತ್ತೇನೆ’ ಎನ್ನುವವನು ಒಬ್ಬ, ‘ಇವನು ನಂಬಿಕಸ್ಥ, ಧೈರ್ಯವಾಗಿ ಕೊಡಿ’ ಎನ್ನುವವನು ಇನ್ನೊಬ್ಬ, ‘ಇವನು ಕೊಡದಿದ್ದರೆ ನಾನು ಕೊಡುತ್ತೇನೆ’ ಎನ್ನುವವನು ಮೂರನೆಯವ. ಮಾತು ಸುಳ್ಳಾದರೆ ಮೂವರೂ ಹಣ ತೆರಬೇಕು. ಆದರೆ ಮೊದಲ ಇಬ್ಬರ ಹೊಣೆ ಅವರ ಸಾವಿನೊಂದಿಗೆ ಮುಗಿಯುತ್ತದೆ. ಮೂರನೆಯವನ ಹೊಣೆ ಮಾತ್ರ ಮಕ್ಕಳಿಗೆ ದಾಟುತ್ತದೆ. ಆಗಲೂ ಮಗನು ಅಸಲನ್ನಷ್ಟೇ ಕೊಡಬೇಕು, ಬಡ್ಡಿಯನ್ನಲ್ಲ, ಮೊಮ್ಮಗನಿಗೆ ಏನೂ ಇಲ್ಲ ಎಂದು ವ್ಯಾಸನ ವಚನವನ್ನು ಆಧರಿಸಿ ವಿಜ್ಞಾನೇಶ್ವರನು ಗೆರೆ ಎಳೆಯುತ್ತಾನೆ. ಪಾಲಾಗದ ಅಣ್ಣತಮ್ಮಂದಿರು, ಗಂಡಹೆಂಡತಿ, ತಂದೆಮಕ್ಕಳು ಒಬ್ಬರಿಗೊಬ್ಬರು ಹೊಣೆ ನಿಲ್ಲುವಂತಿರಲಿಲ್ಲ. ಅವರ ಸ್ವತ್ತು ಒಂದೇ ಆಗಿರುವಾಗ ಒಬ್ಬನು ಇನ್ನೊಬ್ಬನಿಗೆ ನಿಲ್ಲುವ ಹೊಣೆಗೆ ಅರ್ಥವಿಲ್ಲ. ಪರಸ್ಪರ ಒಪ್ಪಿಗೆಯಿದ್ದರೆ ಮಾತ್ರ ಅದಕ್ಕೂ ದಾರಿಯಿದೆ ಎನ್ನುತ್ತಾನೆ ವ್ಯಾಖ್ಯಾನಕಾರ.

ಹೊಣೆಗಾರರು ಹಲವರಿದ್ದಾಗಿನ ವಿಧಿಯನ್ನು ಇಂದಿನ ಸ್ವಸಹಾಯ ಗುಂಪುಗಳ ಮತ್ತು ಮೈಕ್ರೋಫೈನಾನ್ಸ್ ಗುಂಪುಗಳ ಹಿನ್ನೆಲೆಯಲ್ಲಿ ಓದಬೇಕು. ಹಲವರು ಹೊಣೆ ನಿಂತಿದ್ದರೆ ಪ್ರತಿಯೊಬ್ಬನೂ ತನ್ನ ಪಾಲಿನಷ್ಟನ್ನು ಮಾತ್ರ ಕೊಡಬೇಕು ಎಂಬುದು ಸಾಮಾನ್ಯ ನಿಯಮ. ‘ಏಕಚ್ಛಾಯೆ’ಯನ್ನು ಆಶ್ರಯಿಸಿದವರಾದರೆ, ಅಂದರೆ ಪ್ರತಿಯೊಬ್ಬನೂ ಇಡೀ ಸಾಲಕ್ಕೆ ತಾನೇ ಹೊಣೆಯೆಂದು ಒಪ್ಪಿ ನಿಂತಿದ್ದರೆ, ಸಾಲ ಕೊಟ್ಟವನು ತನಗೆ ಬೇಕಾದವನಿಂದ ಪೂರ್ತಿ ಹಣ ವಸೂಲು ಮಾಡಬಹುದು. ನಮ್ಮ ಹಳ್ಳಿಗಳಲ್ಲಿ ಒಬ್ಬಾಕೆ ವಾರದ ಕಂತು ತಪ್ಪಿಸಿದಾಗ ಗುಂಪಿನ ಉಳಿದ ಹೆಂಗಸರು ರಾತ್ರಿಯವರೆಗೆ ಕೂತು ಆ ಹಣವನ್ನು ಹೊಂದಿಸಬೇಕಾಗುವುದು ಈ ಎರಡನೆಯ ಬಗೆಯ ಹೊಣೆಯಿಂದ. ಮಿತಾಕ್ಷರದಲ್ಲಿ ಇದು ಅಪವಾದ, ಗುಂಪುಸಾಲದಲ್ಲಿ ಇದೇ ನಿಯಮ. ಹೆಂಡತಿಯ ವಿಷಯದಲ್ಲಿಯೂ ಸ್ಮೃತಿ ಖಚಿತವಾಗಿತ್ತು: ತಾನು ಒಪ್ಪಿಕೊಂಡ ಸಾಲ, ಗಂಡನ ಜೊತೆ ಸೇರಿ ಮಾಡಿದ ಸಾಲ, ತಾನೇ ಮಾಡಿದ ಸಾಲ, ಈ ಮೂರನ್ನು ಬಿಟ್ಟು ಬೇರೆ ಯಾವುದನ್ನೂ ಆಕೆ ತೀರಿಸಬೇಕಿಲ್ಲ.

ಹೊಣೆಗಾರನಿಗೂ ಒಂದು ರಕ್ಷಣೆ ಇತ್ತು. ಸಾಲ ಕೊಟ್ಟವನ ಕಾಟಕ್ಕೆ ಸಿಕ್ಕಿ ಎಲ್ಲರೆದುರು ಹಣ ತೆತ್ತ ಹೊಣೆಗಾರನಿಗೆ ಸಾಲಗಾರನು ಅದರ ಎರಡರಷ್ಟನ್ನು ಹಿಂದಿರುಗಿಸಬೇಕು. ಎರಡರಷ್ಟು ಸಿಗುತ್ತದೆಂಬ ಆಸೆಯಿಂದ ತಾನಾಗಿ ಹೋಗಿ ಕೊಟ್ಟವನಿಗೆ ಇದು ಅನ್ವಯಿಸದು ಎಂದು ವಿಜ್ಞಾನೇಶ್ವರನು ಎಚ್ಚರಿಸುತ್ತಾನೆ. ಹೊಣೆ ನಿಂತವನ ಪಾಲಿಗೆ ಇದು ನ್ಯಾಯವಿರಬಹುದು, ಆದರೆ ಸಾಲಗಾರನ ಕಡೆಯಿಂದ ನೋಡಿ: ನೇಕಾರನ 160 ಹೊನ್ನನ್ನು ಹೊಣೆಗಾರನು ಕಟ್ಟಿದ ದಿನ ನೇಕಾರನ ತಲೆಯ ಮೇಲಿನ ಭಾರ 320 ಹೊನ್ನಾಗುತ್ತದೆ. ಅಸಲು ಕೊಡಲಾಗದವನಿಗೆ ಹೊಣೆಗಾರನ ನೆರವು ಸಾಲವನ್ನು ಇಳಿಸುವುದಿಲ್ಲ, ಏರಿಸುತ್ತದೆ.

ಈಗ ಅಡವೂ ಹೋಗಿ, ಹೊಣೆಗಾರನೂ ಇಲ್ಲದ ಸಾಲಗಾರನ ಬಳಿಗೆ ಬರೋಣ. ಒಪ್ಪಿಕೊಂಡ ಅಥವಾ ಸಾಬೀತಾದ ಸಾಲವನ್ನು ಕೊಟ್ಟವನು ತಾನೇ ವಸೂಲು ಮಾಡಿಕೊಂಡರೆ ರಾಜನು ಅವನನ್ನು ತಡೆಯಬಾರದು. ಇದಕ್ಕೆ ಮನು ಹೇಳಿದ ಐದು ಉಪಾಯಗಳನ್ನು ವಿಜ್ಞಾನೇಶ್ವರನು ಒಂದೊಂದಾಗಿ ಬಿಡಿಸುತ್ತಾನೆ: ಪ್ರೀತಿಯ ಮಾತಿನಿಂದ ಒಪ್ಪಿಸುವುದು, ಸಾಕ್ಷಿ ಪತ್ರಗಳನ್ನು ಮುಂದಿಡುವುದು, ಹಬ್ಬದ ನೆಪ ಹೇಳಿ ಒಡವೆ ಇಸಿದುಕೊಂಡು ಹಿಂದಿರುಗಿಸದಿರುವುದು, ಉಪವಾಸ ಕೂರುವುದು, ಕೊನೆಗೆ ಬೇಡಿ ಹಾಕಿ ಕಟ್ಟುವಂಥ ಬಲಪ್ರಯೋಗ. ಕೊನೆಯದನ್ನು ಓದುವಾಗ ಮನಸ್ಸು ಕಸಿವಿಸಿಗೊಳ್ಳುತ್ತದೆ. ಆದರೆ ಇದಕ್ಕೂ ಒಂದು ತಡೆ ಇತ್ತು. ಸಾಲವೇ ಇಲ್ಲವೆಂದೋ ಮೊತ್ತ ತಪ್ಪೆಂದೋ ಸಾಲಗಾರನು ವಾದಿಸಿ ನ್ಯಾಯ ಕೇಳುತ್ತಿರುವಾಗ ಅವನನ್ನು ಪೀಡಿಸಿದರೆ, ಕೊಟ್ಟವನು ಆ ಹಣವನ್ನೇ ಕಳೆದುಕೊಂಡು ಅಷ್ಟೇ ದಂಡವನ್ನೂ ತೆರಬೇಕೆಂದು ಸ್ಮೃತಿಕಾರ ಕಾತ್ಯಾಯನನು ವಿಧಿಸುತ್ತಾನೆ. ವ್ಯಾಜ್ಯದಲ್ಲಿರುವ ಸಾಲಕ್ಕೆ ಬಲ ಪ್ರಯೋಗಿಸಿದರೆ ಸಾಲವೇ ರದ್ದು ಎಂಬ ಈ ನಿಯಮ ಇಂದಿನ ವಸೂಲಿ ಏಜೆಂಟರ ಕಾಲದಲ್ಲಿಯೂ ಕಠಿಣವೆನಿಸುವಂಥದ್ದು.

ಕೊಡಬಲ್ಲವನಾಗಿದ್ದೂ ಕೊಡದವನನ್ನು ಕೊಡಲಾಗದವನಿಂದ ಬೇರ್ಪಡಿಸುವ ಯತ್ನವೂ ಇಲ್ಲಿದೆ. ಪಡೆದ ಸಾಲವನ್ನು ಇಲ್ಲವೆಂದು ಸಾಧಿಸಿ ಸೋತವನು ಸಾಲದ ಜೊತೆಗೆ ಅಷ್ಟೇ ಮೊತ್ತವನ್ನು ರಾಜನಿಗೆ ದಂಡವಾಗಿ ಕೊಡಬೇಕು. ಒಪ್ಪಿಕೊಂಡರೂ ಕೊಡದೆ ರಾಜನ ಮೂಲಕ ವಸೂಲಾದವನಿಗೆ ದಂಡ ನೂರಕ್ಕೆ ಹತ್ತು. ಹಣ ಸಿಕ್ಕವನೂ ನೂರಕ್ಕೆ ಐದನ್ನು ರಾಜನಿಗೆ ಕೊಡಬೇಕು. ಎಲ್ಲವೂ ಮುಗಿದು ಬರಿಗೈಯಾದವನಿಗೆ ಯಾಜ್ಞವಲ್ಕ್ಯನು ಬಳಸುವ ಪದ ‘ಪರಿಕ್ಷೀಣ’. ಅವನಿಗೆ ದಂಡದ ಮಾತಿಲ್ಲ. ಅವನಿಗೆ ಎರಡು ದಾರಿಗಳಿವೆ, ಯಾವ ದಾರಿ ಎಂಬುದನ್ನು ಅವನ ಜಾತಿ ತೀರ್ಮಾನಿಸುತ್ತದೆ. ಕೆಳಜಾತಿಯವನಾದರೆ ಸಾಲಕ್ಕೆ ಬದಲಾಗಿ ಕೆಲಸ ಮಾಡಿಸಿಕೊಳ್ಳಬೇಕು. ಬ್ರಾಹ್ಮಣನಾದರೆ ಆದಾಯ ಬಂದಂತೆ ಮೆಲ್ಲಮೆಲ್ಲಗೆ ಕೊಡಿಸಬೇಕು.

ವಿಜ್ಞಾನೇಶ್ವರನು ಈ ಶ್ಲೋಕಕ್ಕೆ ಬರೆದ ವ್ಯಾಖ್ಯಾನ ಚಿಕ್ಕದು, ಆದರೆ ಅದರಲ್ಲಿ ಮೂರು ಕೆಲಸ ನಡೆದಿದೆ. ‘ಹೀನಜಾತಿ’ ಎಂಬುದರಲ್ಲಿ ಸಾಲ ಕೊಟ್ಟವನ ಸಮಾನ ಜಾತಿಯವನನ್ನೂ ಸೇರಿಸಿಕೊಳ್ಳಬೇಕೆಂದು ಮನುವಿನ ಮಾತನ್ನು ಆಧಾರವಾಗಿ ಕೊಡುತ್ತಾನೆ. ಇದರಿಂದ ದುಡಿದು ತೀರಿಸಬೇಕಾದವರ ವಲಯ ಹಿಗ್ಗುತ್ತದೆ. ‘ಬ್ರಾಹ್ಮಣ’ ಎಂಬುದು ಸಾಲ ಕೊಟ್ಟವನಿಗಿಂತ ಮೇಲಿನ ಜಾತಿಯ ಯಾರಿಗಾದರೂ ಸಲ್ಲುತ್ತದೆ ಎನ್ನುತ್ತಾನೆ; ಇದರಿಂದ ಕಂತಿನ ಸೌಲಭ್ಯವೂ ಸ್ವಲ್ಪ ಹಿಗ್ಗುತ್ತದೆ. ಮೂರನೆಯದಾಗಿ, ಮಾಡಿಸಿಕೊಳ್ಳುವ ಕೆಲಸ ಅವನ ಜಾತಿಗೆ ತಕ್ಕದ್ದಾಗಿರಬೇಕು, ಅವನ ಕುಟುಂಬಕ್ಕೆ ತೊಂದರೆಯಾಗದಂತೆ ಇರಬೇಕು ಎಂದು ಸೇರಿಸುತ್ತಾನೆ. ಮೂಲ ಶ್ಲೋಕದಲ್ಲಿ ಕುಟುಂಬದ ಪ್ರಸ್ತಾಪವೇ ಇಲ್ಲ. ಸಾಲಗಾರನ ದುಡಿಮೆಯ ಮೇಲೆ ಮೊದಲ ಹಕ್ಕು ಅವನ ಮನೆಯವರದು, ಉಳಿದದ್ದು ಸಾಲ ಕೊಟ್ಟವನದು ಎಂಬ ಕ್ರಮವನ್ನು ಈ ಸಣ್ಣ ಪದಗುಚ್ಛ ತರುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದಲ್ಲಿ ಅತ್ಯಂತ ಮಾನವೀಯವಾದ ಮಾತು ಇದೇ. ಆದರೆ ಆ ಕೆಲಸಕ್ಕೆ ತಿಂಗಳಿಗೆ ಎಷ್ಟು ಜಮೆ ಮಾಡಬೇಕು, ಯಾರು ಲೆಕ್ಕ ಇಡಬೇಕು, ಎಷ್ಟು ಕಾಲದ ನಂತರ ಬಿಡುಗಡೆ ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿಲ್ಲ.

ಲೆಕ್ಕ ಹಾಕಿ ನೋಡಿದರೆ ಈ ಮೌನದ ಬೆಲೆ ತಿಳಿಯುತ್ತದೆ. ನಮ್ಮ ನೇಕಾರನು ಅಡವಿಲ್ಲದೆ 80 ಹೊನ್ನು ಪಡೆದು, 20 ತಿಂಗಳಲ್ಲಿ 160 ಹೊನ್ನಿನ ಸಾಲಗಾರನಾಗಿ ದುಡಿಯಲು ನಿಂತನೆನ್ನಿ. ಅವನ ಕೂಲಿಯಲ್ಲಿ ಮನೆಯ ಊಟ ಕಳೆದು ತಿಂಗಳಿಗೆ 2 ಹೊನ್ನು ಸಾಲಕ್ಕೆ ಜಮೆಯಾದರೆ 80 ತಿಂಗಳಲ್ಲಿ ಅವನು ಋಣಮುಕ್ತ. ಎರಡರಷ್ಟರ ಮೇಲ್ಮಿತಿ ಇಲ್ಲದೆ ತಿಂಗಳಿಗೆ 4 ಹೊನ್ನು ಬಡ್ಡಿ ಬೆಳೆಯುತ್ತಲೇ ಇದ್ದರೆ 2 ಹೊನ್ನಿನ ದುಡಿಮೆಯಿಂದ ಅವನು ಸಾಯುವವರೆಗೂ ಬಿಡುಗಡೆ ಕಾಣಲಾರ. ದುಡಿಮೆಯ ತೀರುವಳಿಗೆ ಒಂದು ಕೊನೆ ಇರುವುದು ಆ ಮೇಲ್ಮಿತಿಯಿಂದ ಮಾತ್ರ.

ಆದರೆ ಆ ಮೇಲ್ಮಿತಿಯಲ್ಲೊಂದು ಬಿರುಕಿತ್ತು. ಬಡ್ಡಿಯನ್ನು ಒಂದೇ ಬಾರಿಗೆ ವಸೂಲು ಮಾಡುವಾಗ ಅದು ಎರಡರಷ್ಟನ್ನು ದಾಟಬಾರದು ಎಂಬುದು ಮನುವಿನ ಮಾತು. ತಿಂಗಳು ತಿಂಗಳು ಬಡ್ಡಿ ಕಟ್ಟುತ್ತ ಬಂದವನ ಒಟ್ಟು ಪಾವತಿ ಎಷ್ಟಾದರೂ ನಿಯಮ ಮುರಿದಂತಾಗುವುದಿಲ್ಲ. ಇನ್ನೂ ಮುಖ್ಯವಾದದ್ದು ಹೊಸ ಪತ್ರದ ವಿಷಯ. ಸಾಲ ತೀರಿಸಲಾಗದವನು ಬಂದಿರುವ ಬಡ್ಡಿಯನ್ನು ಕೊಟ್ಟು ಪತ್ರವನ್ನು ಹೊಸದು ಮಾಡಿಕೊಳ್ಳಬಹುದು, ಬಡ್ಡಿಯನ್ನೂ ಕೊಡಲಾಗದಿದ್ದರೆ ಅದನ್ನು ಪತ್ರದಲ್ಲೇ ಸೇರಿಸಬಹುದು ಎಂದು ಮನು ಅವಕಾಶ ಕೊಡುತ್ತಾನೆ. ಸಾಲ ಬೇರೊಬ್ಬನಿಗೆ ದಾಟಿದರೆ ಅಥವಾ ಹೊಸ ವ್ಯವಹಾರವಾಗಿ ಬರೆಸಿದರೆ ಎರಡರಷ್ಟರ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ ಎಂದು ವಿಜ್ಞಾನೇಶ್ವರನೂ ಒಪ್ಪುತ್ತಾನೆ. ಹಾಗಾದಾಗ ನೇಕಾರನ 160 ಹೊನ್ನು ಹೊಸ ಪತ್ರದಲ್ಲಿ ಅಸಲಾಗಿ, ಇನ್ನು 20 ತಿಂಗಳಲ್ಲಿ 320 ಆಗುತ್ತದೆ. ಮೇಲ್ಮಿತಿ ಕಾಗದದ ಮೇಲೆ ಹಾಗೆಯೇ ಇರುತ್ತದೆ, ಕೈಯಲ್ಲಿ ಹಣವಿಲ್ಲದವನಿಗೆ ಮಾತ್ರ ಅದು ಇಲ್ಲದಂತಾಗುತ್ತದೆ. ಇಂದು ಚಿನ್ನದ ಸಾಲವನ್ನು ಬಡ್ಡಿ ಸೇರಿಸಿ ನವೀಕರಿಸಿಕೊಳ್ಳುವವರು ಹಳೆಯ ಅಸಲೆಷ್ಟು, ಹೊಸ ಅಸಲೆಷ್ಟು ಎಂದು ಎರಡು ಚೀಟಿಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಇದೇ ಬೆಳವಣಿಗೆ ಕಾಣುತ್ತದೆ. ಪಾವತಿಯನ್ನೆಲ್ಲ ಸಾಲಪತ್ರದ ಬೆನ್ನ ಮೇಲೆ ಬರೆಯಬೇಕು ಅಥವಾ ಸಾಲ ಕೊಟ್ಟವನು ತನ್ನ ಕೈಬರಹದಲ್ಲಿ ರಸೀದಿ ಕೊಡಬೇಕು, ಸಾಲ ತೀರಿದ ಮೇಲೆ ಪತ್ರವನ್ನು ಹರಿದುಹಾಕಬೇಕು ಎಂದು ಯಾಜ್ಞವಲ್ಕ್ಯನು ವಿಧಿಸಿದ್ದು ಹಳೆಯ ಪತ್ರ ಮತ್ತೆ ಎದ್ದು ಬರಬಾರದೆಂದು.

ಬೇರೆ ದಾರಿ ಪರಂಪರೆಗೆ ತಿಳಿದಿರಲಿಲ್ಲವೆಂದಲ್ಲ. ಕಾಲ ಕೆಟ್ಟು ಶಕ್ತಿ ಉಡುಗಿದ ಸಾಲಗಾರನಿಂದ ಅವನ ಶಕ್ತಿಯನ್ನು ನೋಡಿ, ಆದಾಯ ಬಂದಂತೆ, ಕಾಲಕಾಲಕ್ಕೆ ಕೊಡಿಸಬೇಕು ಎಂದು ನಾರದ ಸ್ಮೃತಿ ಹೇಳುತ್ತದೆ; ಆ ಶ್ಲೋಕದಲ್ಲಿ ಜಾತಿಯ ಹೆಸರಿಲ್ಲ. ದೀರ್ಘ ಯಜ್ಞದಲ್ಲಿ ತೊಡಗಿದವನ, ಕಾಯಿಲೆಯವನ, ಗುರುಕುಲದಲ್ಲಿರುವವನ, ಬಾಲಕನ, ಏನೂ ಇಲ್ಲದವನ ಸಾಲದ ಮೇಲೆ ಬಡ್ಡಿ ಬೆಳೆಯಬಾರದು ಎನ್ನುತ್ತದೆ ಕೌಟಿಲ್ಯನ ಅರ್ಥಶಾಸ್ತ್ರ. ಕೆಲಸದ ಕಾಲದಲ್ಲಿ ಬೇಸಾಯಗಾರರನ್ನು ಸಾಲಕ್ಕಾಗಿ ಹಿಡಿಯಬಾರದು ಎಂದೂ ಅದು ಸೇರಿಸುತ್ತದೆ. ಬಿತ್ತುವ ದಿನಗಳಲ್ಲಿ ರೈತನನ್ನು ಹಿಡಿದರೆ ಬೆಳೆಯೂ ಇಲ್ಲ, ಸಾಲವೂ ಬರುವುದಿಲ್ಲ ಎಂಬ ಲೆಕ್ಕ ಅಲ್ಲಿದೆ. ಇನ್ನೊಂದು ಕಡೆ ಕಾತ್ಯಾಯನನು ಕೆಲಸವನ್ನೂ ಮಾಡಲಾಗದವನನ್ನು ಸೆರೆಮನೆಗೆ ಕಳಿಸಬೇಕು, ಬ್ರಾಹ್ಮಣನನ್ನು ಮಾತ್ರ ಬಿಡಬೇಕು ಎನ್ನುತ್ತಾನೆ. ಆದಾಯಕ್ಕೆ ತಕ್ಕ ಕಂತು ಎಂಬ ವಿವೇಕ ಶಾಸ್ತ್ರಕಾರರ ಕೈಯಲ್ಲೇ ಇತ್ತು. ಯಾಜ್ಞವಲ್ಕ್ಯ ಮತ್ತು ಮನು ಅದನ್ನು ಮೇಲಿನವರಿಗೆ ಮೀಸಲಿಟ್ಟರು, ಅದು ಹೆಚ್ಚು ಬೇಕಾಗಿದ್ದವರಿಗೆ ದುಡಿಮೆಯನ್ನು ಹೊರಿಸಿದರು. ಸಾಲಕ್ಕೆ ಜೀತವಿರುವ ಪದ್ಧತಿಯ ಶಾಸ್ತ್ರೀಯ ಬೇರು ಇಲ್ಲಿದೆ ಎಂಬುದನ್ನು ಮರೆಮಾಚಬಾರದು.

ಈ ವ್ಯವಸ್ಥೆಯಲ್ಲಿ ಸಾಲ ಮನ್ನಾ ಆಗುವ ಬಾಗಿಲೇ ಇರಲಿಲ್ಲ. ಸಾಲಗಾರ ಸತ್ತರೂ, ದೇಶ ಬಿಟ್ಟರೂ, ತೀರದ ಸಂಕಟಕ್ಕೆ ಸಿಕ್ಕಿದರೂ ಮಗ ಮತ್ತು ಮೊಮ್ಮಗ ಕೊಡಬೇಕು. ತಂದೆಯ ಸಾಲವನ್ನು ಮಗನು ತನ್ನದರಂತೆ ಬಡ್ಡಿ ಸಹಿತ, ಅಜ್ಜನ ಸಾಲವನ್ನು ಮೊಮ್ಮಗನು ಅಸಲು ಮಾತ್ರ ತೀರಿಸಬೇಕು, ಮರಿಮಗನಿಗೆ ಹೊಣೆಯಿಲ್ಲ. ಕುಡಿತ, ಕಾಮ, ಜೂಜಿಗಾಗಿ ಮಾಡಿದ ಸಾಲ, ಉಳಿದ ದಂಡ ಮತ್ತು ಸುಂಕದ ಬಾಕಿ, ವ್ಯರ್ಥದಾನದ ಮಾತು ಇವನ್ನು ಮಗನೂ ತೀರಿಸಬೇಕಿಲ್ಲ. ಋಣ ತೀರಿಸದೆ ಸತ್ತವನಿಗೆ ಪರಲೋಕದಲ್ಲಿ ಗತಿಯಿಲ್ಲ ಎಂಬ ನಂಬಿಕೆ ಇದರ ಹಿಂದಿನ ಬಲ.

ಬ್ರಿಟಿಷ್ ನ್ಯಾಯಾಲಯಗಳು ಈ ಪ್ರಕರಣದಿಂದ ಎರಡು ಎಳೆಗಳನ್ನು ಎತ್ತಿಕೊಂಡವು. ಒಂದು, ಎರಡರಷ್ಟರ ಮಿತಿ. ಧಾರವಾಡ, ಬೆಳಗಾವಿ, ವಿಜಯಪುರ ಭಾಗಗಳೂ ಸೇರಿದ್ದ ಬೊಂಬಾಯಿ ಪ್ರಾಂತದಲ್ಲಿ ಅದು ದಾಮ್‌ದುಪಟ್ ಎಂಬ ಹೆಸರಿನಲ್ಲಿ ಜೀವಂತವಾಗಿತ್ತು. ಎರಡನೆಯದು, ತಂದೆಯ ಸಾಲಕ್ಕೆ ಮಗನ ಧಾರ್ಮಿಕ ಹೊಣೆ. ಇದನ್ನು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯಿದೆ ಕೊನೆಗಾಣಿಸಿತು. ಅದು ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರ ನಂತರದ ಸಾಲಗಳಿಗೆ ಕೇವಲ ಧಾರ್ಮಿಕ ಹೊಣೆಯ ಆಧಾರದಲ್ಲಿ ಮಗ, ಮೊಮ್ಮಗ, ಮರಿಮಗನ ಮೇಲೆ ವಸೂಲಿಗೆ ಹೋಗುವಂತಿಲ್ಲ. ದುಡಿದು ತೀರಿಸುವ ವಿಧಿಯನ್ನು 1976ರ ಜೀತಪದ್ಧತಿ ನಿರ್ಮೂಲನಾ ಕಾಯಿದೆ ಅಳಿಸಿ, ಜೀತಕ್ಕೆ ಕಾರಣವಾದ ಸಾಲವೇ ರದ್ದಾಯಿತೆಂದು ಸಾರಿತು. ಸೆರೆಯ ವಿಷಯದಲ್ಲಿ ಸುಪ್ರೀಂ ಕೋರ್ಟು 1980ರಲ್ಲಿ, ಕೊಚ್ಚಿನ್ ಬ್ಯಾಂಕಿನ ಪ್ರಕರಣದಲ್ಲಿ, ಬರೀ ಸಾಲ ಕೊಡದಿದ್ದ ಮಾತ್ರಕ್ಕೆ ಬಂಧಿಸಲಾಗದು, ಕೊಡುವ ಶಕ್ತಿಯಿದ್ದೂ ಕೆಟ್ಟ ಉದ್ದೇಶದಿಂದ ಕೊಡದಿದ್ದಾಗ ಮಾತ್ರ ಬಂಧನ ಎಂದು ತೀರ್ಪಿತ್ತಿತು. ಪರಿಕ್ಷೀಣನಿಗೂ ಮೊಂಡನಿಗೂ ಇರುವ ಭೇದವನ್ನು ಜಾತಿಯ ಹಂಗಿಲ್ಲದೆ ಎತ್ತಿಹಿಡಿದ ತೀರ್ಪು ಅದು.

ಉಳಿದಿರುವುದು ಬಿಡುಗಡೆಯ ಪ್ರಶ್ನೆ. 2016ರ ದಿವಾಳಿ ಸಂಹಿತೆ ಅತಿ ಬಡ ಸಾಲಗಾರರಿಗೆ ಹೊಸ ಆರಂಭವೊಂದನ್ನು ಬರೆದಿಟ್ಟಿತು: ವರ್ಷದ ಆದಾಯ 60,000 ರೂಪಾಯಿ, ಆಸ್ತಿಯ ಬೆಲೆ 20,000 ರೂಪಾಯಿ, ಮನ್ನಾಕ್ಕೆ ಅರ್ಹವಾದ ಸಾಲ 35,000 ರೂಪಾಯಿ ಇವನ್ನು ಮೀರದ, ಸ್ವಂತ ಮನೆಯಿಲ್ಲದ ವ್ಯಕ್ತಿ ಅರ್ಜಿ ಕೊಟ್ಟು ಋಣಮುಕ್ತನಾಗಬಹುದು. ಆದರೆ 2019ರ ಡಿಸೆಂಬರ್ 1ರಂದು ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವನ್ನು ಜಾರಿಗೆ ತಂದಾಗ, ಅದನ್ನು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ ಅನ್ವಯಿಸಲಾಯಿತು. ಹೊಸ ಆರಂಭದ ಅಧ್ಯಾಯವನ್ನು ಜಾರಿಗೊಳಿಸಲಿಲ್ಲ. ವಾರದ ಕಂತಿಗೆ ಗುಂಪಿನ ಹೆಂಗಸರ ಮುಂದೆ ತಲೆತಗ್ಗಿಸಿ ಕೂರುವವಳಿಗೆ ಆ ಬಾಗಿಲು ತೆರೆಯಲಿಲ್ಲ. ಆಕೆಗೆ ಪೊಲೀಸ್ ಠಾಣೆಗೆ ಹೋಗಿ ಕಿರುಕುಳದ ದೂರು ಕೊಡುವ ಹಕ್ಕು ಈಗ ಸಿಕ್ಕಿದೆ, ‘ನನ್ನ ಬಳಿ ಏನೂ ಉಳಿದಿಲ್ಲ, ಈ ಸಾಲವನ್ನು ಮುಗಿಸಿಕೊಡಿ’ ಎಂದು ಕೇಳಲು ಆ ಅಧ್ಯಾಯ ಜಾರಿಯಾಗಬೇಕು.